ರೀಲ್ ನೋಡಿದವರು ಬೇರೆ, ಪುಡಿ ಕೊಂಡವರು ಬೇರೆ

ಪ್ರಶ್ನೆ: ದಾವಣಗೆರೆಯಲ್ಲಿ ಮನೆಯಿಂದಲೇ ಶೇಂಗಾ ಚಟ್ನಿಪುಡಿ, ಸಾರಿನ ಪುಡಿ ಮಾಡಿ ಮಾರುತ್ತೇನೆ. ಇನ್‌ಸ್ಟಾಗ್ರಾಮ್‌ನಲ್ಲಿ ಒಂದೂವರೆ ಲಕ್ಷ ಫಾಲೋವರ್ಸ್ ಇರುವ ಒಬ್ಬರಿಗೆ ದುಡ್ಡು ಕೊಟ್ಟು ರೀಲ್ ಮಾಡಿಸಿದೆ. 60 ಸಾವಿರ ಜನ ನೋಡಿದರು, ಬಂದ ಆರ್ಡರ್ 5. ಮೂರು ವಾರ ಕಳೆದ ಮೇಲೆ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ನಿವೃತ್ತ ಟೀಚರ್ ಒಬ್ಬರು ಹೀಗೆ ಹಾಕಿದರು: 'ಈ ಚಟ್ನಿಪುಡಿ ತರಿಸಿದ್ದೆ. ಖಾರ ಸ್ವಲ್ಪ ಜಾಸ್ತಿ, ಮಕ್ಕಳಿಗೆ ಆಗಲ್ಲ. ನಮ್ಮನೆಯವರಿಗೆ ತುಂಬಾ ಇಷ್ಟ ಆಯ್ತು.' ನಾಲ್ಕು ದಿನದಲ್ಲಿ 31 ಪ್ಯಾಕೆಟ್ ಹೋಯಿತು. ಟೀಚರಿಗೂ ನನ್ನ ಪುಡಿ ಗೊತ್ತಾಗಿದ್ದು ಆ ರೀಲ್‌ನಿಂದಲೇ ಅಂತೆ, ಸೊಸೆ ತೋರಿಸಿದ್ದಂತೆ. ಪತ್ರಿಕೋದ್ಯಮ ಓದುವ ನನ್ನ ಮಗಳು ಇದಕ್ಕೆ ಟು-ಸ್ಟೆಪ್ ಫ್ಲೋ ಅಂತಾರೆ, ಆದರೆ ರೇಡಿಯೋ ಕಾಲದ್ದು ಅಂದಳು. ಈಗಿನ ಕಾಲಕ್ಕೆ ಅದು ಹೊಂದುತ್ತಾ? ಇನ್ಮುಂದೆ ರೀಲ್‌ಗೆ ಕೊಡುವ ದುಡ್ಡನ್ನು ಟೀಚರಂಥವರಿಗೇ ಕೊಟ್ಟರೆ ಆಗಲ್ವಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಆ ಸಿದ್ಧಾಂತ ರೇಡಿಯೋ ಕಾಲದ್ದೇ. ಆದರೆ ನಿಮ್ಮ ಪತ್ರದಲ್ಲಿ ನೀವು ಸುಮ್ನೆ ಸೇರಿಸಿದ ಒಂದು ಮಾತಿದೆಯಲ್ಲ, 'ಸೊಸೆ ತೋರಿಸಿದ್ದಂತೆ' ಅಂತ, ಅದರಲ್ಲೇ ಎರಡು ಹಂತವೂ ಇದೆ. ರೀಲ್‌ನಿಂದ ಟೀಚರವರೆಗೆ ಒಂದು ಹಂತ. ಟೀಚರಿಂದ ಬಡಾವಣೆಯವರೆಗೆ ಇನ್ನೊಂದು. ಹಾಗಾಗಿ ರೀಲ್‌ಗೆ 5 ಆರ್ಡರ್, ಟೀಚರಿಗೆ 31 ಪ್ಯಾಕೆಟ್ ಅಂತ ಎರಡು ಬೇರೆ ಬೇರೆ ಲೆಕ್ಕ ಬರೆದರೆ ಅಲ್ಲೇ ತಪ್ಪುತ್ತದೆ.

ಸಿದ್ಧಾಂತ ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಅದನ್ನು ಅರ್ಧಂಬರ್ಧ ಕೇಳಿದವರೇ ಜಾಸ್ತಿ. 1940ರಲ್ಲಿ ಅಮೆರಿಕದಲ್ಲಿ ರೂಸ್‌ವೆಲ್ಟ್ ಮತ್ತು ವಿಲ್ಕಿ ನಡುವೆ ಅಧ್ಯಕ್ಷ ಚುನಾವಣೆ. ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಓಹಾಯೋ ರಾಜ್ಯದ ಈರಿ ಕೌಂಟಿಯಲ್ಲಿ 600 ಜನರ ಒಂದು ತಂಡವನ್ನು ಆರಿಸಿಕೊಂಡು ಮೇ ತಿಂಗಳಿಂದ ನವೆಂಬರ್‌ವರೆಗೆ ಪ್ರತಿ ತಿಂಗಳೂ ಅವರನ್ನೇ ಮಾತಾಡಿಸಿದರು. ರೇಡಿಯೋ, ಪತ್ರಿಕೆ ಜನರ ಮತವನ್ನು ಹೇಗೆ ತಿರುಗಿಸುತ್ತವೆ ಅಂತ ನೋಡುವುದು ಅವರ ಉದ್ದೇಶ. ಆದರೆ ಪ್ರಚಾರ ಕೇಳಿ ಪಕ್ಷ ಬದಲಿಸಿದವರು ತೀರ ಕಡಿಮೆ. ಕಡೆಯ ಗಳಿಗೆಯಲ್ಲಿ ಮನಸ್ಸು ಮಾಡಿದವರನ್ನು ಕೇಳಿದರೆ ಗಂಡ, ಅಪ್ಪ, ಜೊತೆ ಕೆಲಸದವರು, ಪಕ್ಕದ ಮನೆಯವರು ಹೇಳಿದ ಮಾತುಗಳೇ ಮತ್ತೆ ಮತ್ತೆ ಬಂದವು. ಹಾಗೆ ಹೇಳುತ್ತಿದ್ದವರು ಮಾತ್ರ ರೇಡಿಯೋ, ಪತ್ರಿಕೆಗಳನ್ನು ಉಳಿದವರಿಗಿಂತ ಹೆಚ್ಚು ಗಮನಿಸುತ್ತಿದ್ದರು. ಅದರಿಂದ ಬಂದ ಊಹೆ ಇಷ್ಟು: ಮಾಧ್ಯಮದ ಮಾತು ಮೊದಲು ಕೆಲವರನ್ನು ತಲುಪುತ್ತದೆ, ಅವರ ಬಾಯಿಂದ ಉಳಿದವರಿಗೆ ಹೋಗುತ್ತದೆ. ಆ ಕೆಲವರಿಗೆ ಒಪಿನಿಯನ್ ಲೀಡರ್ ಅಂತ ಹೆಸರಾಯಿತು.

'ಲೀಡರ್' ಅನ್ನುವ ಈ ಹೆಸರಿನಿಂದಲೇ ಎಡವಟ್ಟು ಶುರುವಾಗಿದ್ದು. ಲೀಡರ್ ಅಂದ ಕೂಡಲೇ ನಾವು ದೊಡ್ಡ ಮನುಷ್ಯರನ್ನು ಹುಡುಕುತ್ತೇವೆ. ಈಗ ಜಾಸ್ತಿ ಫಾಲೋವರ್ಸ್ ಇರುವವರನ್ನು ಹುಡುಕುತ್ತೇವೆ. ಆದರೆ 1945ರಲ್ಲಿ ಇಲಿನಾಯ್ ರಾಜ್ಯದ ಡೆಕೇಟರ್ ಊರಿನಲ್ಲಿ ಸುಮಾರು 800 ಹೆಂಗಸರನ್ನು ಮಾತಾಡಿಸಿ ನಡೆಸಿದ ಎರಡನೇ ಅಧ್ಯಯನ ಇದಕ್ಕೆ ಉಲ್ಟಾ ಹೇಳಿತು. ಎಲೀಹು ಕಾಟ್ಸ್ ಮತ್ತು ಲಾಜರ್ಸ್‌ಫೆಲ್ಡ್ ಅದನ್ನು 1955ರಲ್ಲಿ ಪ್ರಕಟಿಸಿದರು. ದಿನಸಿ ಸಾಮಾನು, ಬಟ್ಟೆಬರೆಯ ಫ್ಯಾಷನ್, ಸಿನಿಮಾ, ಸಾರ್ವಜನಿಕ ವಿಚಾರ ಅಂತ ನಾಲ್ಕು ವಿಷಯ ಹಿಡಿದು, ಯಾರ ಮಾತು ಕೇಳುತ್ತೀರಿ ಅಂತ ವಿಚಾರಿಸಿದ್ದರು. ಹೆಸರು ಬಂದವರನ್ನು ಹುಡುಕಿಕೊಂಡು ಹೋಗಿ, ಅಂಥ ಮಾತುಕತೆ ನಿಜಕ್ಕೂ ನಡೆದಿತ್ತಾ ಅಂತ ಅವರನ್ನೂ ಕೇಳಿದ್ದರು.

ಸಿನಿಮಾ, ಫ್ಯಾಷನ್ ವಿಚಾರಕ್ಕೆ ಜನ ಹೋಗುತ್ತಿದ್ದದ್ದು ಹೆಚ್ಚಾಗಿ ಮದುವೆಯಾಗದ ಹುಡುಗಿಯರ ಹತ್ತಿರ. ದಿನಸಿ ವಿಚಾರಕ್ಕೆ ದೊಡ್ಡ ಸಂಸಾರ ತೂಗಿಸಿದ ಗೃಹಿಣಿಯರ ಹತ್ತಿರ. ಒಬ್ಬರೇ ಎಲ್ಲ ವಿಷಯಕ್ಕೂ ಲೀಡರ್ ಆಗಿರಲಿಲ್ಲ. ದಿನಸಿಯ ವಿಷಯದಲ್ಲಿ ಶ್ರೀಮಂತರ ಮನೆಯವರು ಹೇಳಿ ಬಡವರು ಕೇಳಿದ್ದೂ ಕಡಿಮೆ. ಹೆಚ್ಚುಕಮ್ಮಿ ತಮ್ಮಂಥವರ ಮಾತನ್ನೇ ಕೇಳುತ್ತಿದ್ದರು. ಈಗ ನಿಮ್ಮ ಟೀಚರನ್ನು ನೋಡಿ. ಅಡುಗೆಮನೆ ಕಂಡವರು, ಮನೆಯಲ್ಲಿ ಸೊಸೆ, ಮೊಮ್ಮಕ್ಕಳು ಇರುವವರು. ಬಡಾವಣೆಯವರ ಸಂಪಾದನೆಯೂ ಅವರ ಸಂಪಾದನೆಯೂ ಹತ್ತಿರ ಹತ್ತಿರ. ಚಟ್ನಿಪುಡಿಯ ಮಟ್ಟಿಗೆ ಅವರು ಡೆಕೇಟರ್‌ನ ಪುಟದಿಂದ ಎದ್ದು ಬಂದಂತೆ ಇದ್ದಾರೆ.

ಹಾಗಾದರೆ ಇನ್‌ಫ್ಲುಯೆನ್ಸರ್ ಯಾರು? ನನ್ನ ಅಭಿಪ್ರಾಯ ಹೇಳುತ್ತೇನೆ, ಎಲ್ಲರೂ ಒಪ್ಪಲಿಕ್ಕಿಲ್ಲ. ಒಂದೂವರೆ ಲಕ್ಷ ಫಾಲೋವರ್ಸ್ ಇರುವವರು ಒಪಿನಿಯನ್ ಲೀಡರ್ ಅಲ್ಲ, ಅವರು ಮಾಧ್ಯಮ. ಆಗಿನ ರೇಡಿಯೋ ಕೂತಿದ್ದ ಜಾಗದಲ್ಲಿ ಈಗ ಅವರು ಕೂತಿದ್ದಾರೆ. ಪರೀಕ್ಷೆ ಸುಲಭ. 'ಈ ಪುಡಿಯಲ್ಲಿ ಬೆಳ್ಳುಳ್ಳಿ ಇದೆಯಾ, ನಮ್ಮಲ್ಲಿ ತಿನ್ನಲ್ಲ' ಅಂತ ಯಾರಾದರೂ ಕೇಳಿದರೆ ಉತ್ತರ ಬರುತ್ತದೆಯೇ? ಪುಡಿ ಕೆಟ್ಟದ್ದಾಗಿದ್ದರೆ ನಾಳೆ ಹಾಲಿನ ಅಂಗಡಿ ಮುಂದೆ ಆ ಹೇಳಿದವರನ್ನು ನಿಲ್ಲಿಸಿ ಕೇಳಬಹುದೇ? ಟೀಚರ ವಿಷಯದಲ್ಲಿ ಎರಡಕ್ಕೂ ಹೌದು. ರೀಲ್ ಮಾಡಿದವರ ವಿಷಯದಲ್ಲಿ ಎರಡಕ್ಕೂ ಇಲ್ಲ. ಊರಿನ ಐದಾರು ನೂರು ಜನ ಮಾತ್ರ ನೋಡುವ, ಕಾಮೆಂಟಿಗೆಲ್ಲ ಉತ್ತರಿಸುವ ಸಣ್ಣ ಪೇಜ್‌ನವರಾದರೆ ಕಥೆ ಬೇರೆ. ಅವರು ಎರಡನೇ ಹಂತದಲ್ಲೇ ಬರುತ್ತಾರೆ.

ಈಗ ಇದಕ್ಕಿಂತ ಹತ್ತಿರದ ಪುರಾವೆ. ಅದು ಸಿಕ್ಕಿದ್ದು ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ ಎಂಬ ಅರ್ಥಶಾಸ್ತ್ರಜ್ಞರು ರಾಜ್ಯದ 213 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಅದರ ವರದಿ 2019ರಲ್ಲಿ ಬಂತು. ಹಳ್ಳಿಯ ಕೆಲವೇ ಜನರಿಗೆ ಒಂದು ಸುದ್ದಿ ಕೊಡುವುದು: ಈ ನಂಬರಿಗೆ ಪುಕ್ಕಟೆ ಕರೆ ಮಾಡಿದರೆ ಮೊಬೈಲ್ ಅಥವಾ ನಗದು ಬಹುಮಾನ ಗೆಲ್ಲುವ ಅವಕಾಶ ಇದೆ, ಬೇಕಾದವರಿಗೆ ಹೇಳಿ. ಬೇರೆಯವರಿಗೆ ಹೇಳಿದರೆ ಹೇಳಿದವರ ಬಹುಮಾನಕ್ಕೆ ಕತ್ತರಿ ಬೀಳದ ಹಾಗೆ ನಿಯಮ ಇಟ್ಟಿದ್ದರು, ಇಲ್ಲದಿದ್ದರೆ ಯಾರು ಬಾಯಿಬಿಡುತ್ತಾರೆ? ಆಮೇಲೆ ಯಾವ ಹಳ್ಳಿಯಿಂದ ಎಷ್ಟು ಕರೆ ಬಂತು ಅಂತ ಎಣಿಸಿದರೆ ಸುದ್ದಿ ಎಷ್ಟು ಹರಡಿತು ಅಂತ ಗೊತ್ತಾಗುತ್ತದೆ.

ಮೊದಲ ಸುದ್ದಿ ಯಾರಿಗೆ ಕೊಡಬೇಕು ಅನ್ನುವುದೇ ಪ್ರಯೋಗದ ಜೀವ. ಕೆಲವು ಹಳ್ಳಿಗಳಲ್ಲಿ ಕಣ್ಣುಮುಚ್ಚಿ ಯಾರನ್ನೋ ಆರಿಸಿದರು. ಕೆಲವು ಹಳ್ಳಿಗಳಲ್ಲಿ ಊರಿನ ಹಿರಿಯರಿಗೆ, ಮಾನ್ಯರಿಗೆ ಕೊಟ್ಟರು. ಇನ್ನು ಕೆಲವು ಹಳ್ಳಿಗಳಲ್ಲಿ ಜನರನ್ನೇ ಕೇಳಿದರು: ಊರಿಗೆಲ್ಲ ಒಂದು ವಿಷಯ ಮುಟ್ಟಿಸಬೇಕಾದರೆ ಯಾರಿಗೆ ಹೇಳಿದರೆ ಒಳ್ಳೆಯದು? ಜನ ಹೆಸರಿಸಿದವರಿಗೆ ಸುದ್ದಿ ಕೊಟ್ಟರು. ಕಣ್ಣುಮುಚ್ಚಿ ಆರಿಸಿದ ಹಳ್ಳಿಗಳಿಂದ ಸರಾಸರಿ ಸುಮಾರು 8 ಕರೆ ಬಂದವು. ಮಾನ್ಯರಿಗೆ ಹೇಳಿದ ಹಳ್ಳಿಗಳಿಂದ ಅದಕ್ಕಿಂತ ಹೆಚ್ಚೇನೂ ಬರಲಿಲ್ಲ. ಜನರೇ ಹೆಸರಿಸಿದವರಿಗೆ ಹೇಳಿದ ಹಳ್ಳಿಗಳಿಂದ ಸುಮಾರು 12.

ಇದರಲ್ಲಿ ನಿಮಗೆ ಬೇಕಾದ್ದು ಎರಡಿದೆ. ಒಂದು, ಹುದ್ದೆ, ಅಂತಸ್ತು ನೋಡಿ ಲೀಡರನ್ನು ಊಹಿಸಿದರೆ ಲಾಭವಿಲ್ಲ. ಗ್ರೂಪಿನ ಅಡ್ಮಿನ್ ಅಂದ ಮಾತ್ರಕ್ಕೆ, ಸಂಘದ ಅಧ್ಯಕ್ಷರು ಅಂದ ಮಾತ್ರಕ್ಕೆ ಅವರ ಮಾತು ಓಡುವುದಿಲ್ಲ. ಎರಡು, ಯಾರ ಮಾತು ಓಡುತ್ತದೆ ಅಂತ ಊರಿಗೆ ಗೊತ್ತಿರುತ್ತದೆ. ನಕ್ಷೆ ಹಾಕಬೇಕಿಲ್ಲ, ಕೇಳಿದರೆ ಸಾಕು. ಇದೇ ಉಪಾಯವನ್ನು ಅವರು ಹರಿಯಾಣದಲ್ಲಿ ಮಕ್ಕಳ ಲಸಿಕೆ ಶಿಬಿರದ ಸುದ್ದಿಗೂ ಬಳಸಿದರು. ಅಲ್ಲೂ ಜನ ಹೆಸರಿಸಿದವರ ಮೂಲಕ ಹೋದ ಸುದ್ದಿಗೇ ಜಾಸ್ತಿ ಮಕ್ಕಳು ಬಂದರು.

ಇನ್ನು ವಾಟ್ಸಾಪ್ ವಿಷಯ. ರೇಡಿಯೋ ಕಾಲದಲ್ಲಿ ಎರಡನೇ ಹಂತ ಜಗುಲಿಯಲ್ಲಿ, ಅಂಗಡಿಯಲ್ಲಿ ನಡೆಯುತ್ತಿತ್ತು. ಈಗ ಅದರ ಒಂದು ಭಾಗ ಪರದೆಯ ಮೇಲೆ ಕಾಣುತ್ತದೆ. ಆದರೆ ಕಾಣುವುದೆಲ್ಲ ಎರಡನೇ ಹಂತ ಅಂತ ತಿಳಿಯಬೇಡಿ. ಬರೀ ಫಾರ್ವರ್ಡ್ ಮಾಡಿದ ರೀಲ್ ಒಂದು ಬಗೆ, ಟೀಚರ್ ಬರೆದ ಸಾಲುಗಳು ಇನ್ನೊಂದು ಬಗೆ. ಫಾರ್ವರ್ಡ್ ಮಾಡಿದರೆ ಮೇಲೆ ಬಾಣದ ಗುರುತು ಬರುತ್ತದೆ. ಹಲವು ಕೈ ದಾಟಿದ್ದರೆ ಜೋಡಿ ಬಾಣ. ಅದನ್ನು ನೋಡಿದವರಿಗೆ ಇದು ಕಳಿಸಿದವರ ಮಾತಲ್ಲ, ಎಲ್ಲಿಂದಲೋ ಬಂದದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಸ್ವಂತ ಬೆರಳಿನಲ್ಲಿ ಟೈಪ್ ಮಾಡಿದ್ದಕ್ಕೆ ಆ ಗುರುತು ಇಲ್ಲ. ಅದಕ್ಕೆ ಹೊಣೆ ಆ ಮನುಷ್ಯರೇ.

ಅವರ ಸಾಲುಗಳನ್ನು ಇನ್ನೊಮ್ಮೆ ಓದಿ. 'ಖಾರ ಸ್ವಲ್ಪ ಜಾಸ್ತಿ, ಮಕ್ಕಳಿಗೆ ಆಗಲ್ಲ' ಅಂತ ಒಂದು ಕೊರತೆ ಹೇಳಿದ್ದಾರೆ. ದುಡ್ಡು ತೆಗೆದುಕೊಂಡವರು ಹಾಗೆ ಬರೆಯುವುದಿಲ್ಲ ಅನ್ನುವುದು ಓದಿದವರಿಗೆಲ್ಲ ಗೊತ್ತು. ಜೊತೆಗೆ ರೀಲ್ ಕೊಡದ ಒಂದು ಮಾಹಿತಿಯೂ ಅದರಲ್ಲಿದೆ. ಚಿಕ್ಕ ಮಕ್ಕಳಿರುವ ಮನೆಯವರು ಹಿಂದೆ ಸರಿದಿರುತ್ತಾರೆ, ಖಾರ ತಿನ್ನುವವರು ಮುಂದೆ ಬಂದಿರುತ್ತಾರೆ. ಅಂದರೆ ಟೀಚರ್ ರೀಲನ್ನು ದಾಟಿಸಲಿಲ್ಲ, ನಿಮ್ಮ ಬಡಾವಣೆಗೆ ತಕ್ಕಂತೆ ತಿದ್ದಿ ಕೊಟ್ಟರು. ಎರಡನೇ ಹಂತದ ಕೆಲಸ ಅಂದರೆ ಇದೇ. ಸುದ್ದಿ ಮುಟ್ಟಿಸುವವರು ಬೇಕಾದಷ್ಟು ಸಿಗುತ್ತಾರೆ. 'ಇದು ನಮಗೆ ಆಗುತ್ತಾ, ಆಗಲ್ವಾ' ಅನ್ನುವುದಕ್ಕೆ ಉತ್ತರ ಕೊಡುವವರು ಕಡಿಮೆ.

ಇನ್ನೊಂದು ವಿಚಿತ್ರ. ವಾಟ್ಸಾಪ್‌ನವರು ಫಾರ್ವರ್ಡ್‌ಗೆ ಕಡಿವಾಣ ಹಾಕಿದ ಮೇಲೆ ಇಂಥವರ ಬೆಲೆ ಹೆಚ್ಚಿತು ಅಂತ ನನಗೆ ಅನ್ನಿಸುತ್ತದೆ. 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟ್‌ಗೆ ಕಳಿಸಬಹುದು ಅಂತ ಮಾಡಿದರು. 2020ರ ಏಪ್ರಿಲ್‌ನಿಂದ, ಹಲವು ಕೈ ದಾಟಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಕಂಡಕಂಡ ಗ್ರೂಪಿಗೆಲ್ಲ ಒಟ್ಟಿಗೆ ಎಸೆಯುವ ಕಾಲ ಹೋಯಿತು. ಪ್ರತಿ ಸಲ ಯಾರೋ ಒಬ್ಬರು 'ಇದನ್ನು ಯಾವ ಗ್ರೂಪಿಗೆ ಹಾಕಲಿ' ಅಂತ ತೀರ್ಮಾನ ಮಾಡಬೇಕು. ಆ ತೀರ್ಮಾನ ಮಾಡುವವರೇ ದಾರಿಯ ಬಾಗಿಲು ಕಾಯುವವರು.

ಈ ಕಡಿವಾಣ ಬಂದದ್ದರ ಹಿನ್ನೆಲೆ ನಿಮಗೂ ನೆನಪಿರಬಹುದು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಸತ್ತರು. ಆಗ ದೇಶದ ತುಂಬ ಹರಿದಾಡಿದ ಒಂದು ವಿಡಿಯೋ, ಮಕ್ಕಳ ಅಪಹರಣದ ಬಗ್ಗೆ ಎಚ್ಚರಿಸಲು ಕರಾಚಿಯಲ್ಲಿ ಮಾಡಿದ್ದ ಜಾಗೃತಿ ಚಿತ್ರದ ತುಣುಕು. ಕಡೆಯಲ್ಲಿ ಬರುವ 'ಮಕ್ಕಳ ಮೇಲೆ ಕಣ್ಣಿಡಿ' ಎಂಬ ಭಾಗವನ್ನು ಕತ್ತರಿಸಿ ಹಾಕಿದ್ದರು. ಅದು ಆಯಾ ಭಾಷೆಯ ಮಾತಿನ ಜೊತೆ, ಪರಿಚಯದವರ ಫೋನಿನಿಂದ ಬಂದಾಗ ನಮ್ಮೂರಿನ ಸುದ್ದಿಯಾಯಿತು. ಡೆಕೇಟರ್‌ನಲ್ಲಿ ದಿನಸಿಗೊಬ್ಬರು, ಸಿನಿಮಾಗೊಬ್ಬರು ಇದ್ದರಲ್ಲ, ಗ್ರೂಪಿನಲ್ಲಿ ಆ ಗೆರೆ ಅಳಿಸುತ್ತದೆ. ಎಲ್ಲ ವಿಷಯವೂ ಒಂದೇ ಕಿಟಕಿಯಲ್ಲಿ ಬರುವುದರಿಂದ, ಚಟ್ನಿಪುಡಿಯ ಮೇಲೆ ನಂಬಿಕೆ ಗಳಿಸಿದವರು ಸಕ್ಕರೆ ಕಾಯಿಲೆಗೆ ಕಷಾಯ ಹೇಳಿದರೂ ಜನ ತಲೆಯಾಡಿಸುತ್ತಾರೆ. ಹಳೆಯ ಸಿದ್ಧಾಂತ ಇದನ್ನು ಊಹಿಸಿರಲಿಲ್ಲ.

ಅದು ಕೈಕೊಡುವ ಕಡೆಗಳು ಇನ್ನೂ ಇವೆ. ಭೂಕಂಪ, ಚುನಾವಣೆ ಫಲಿತಾಂಶ, ನಾಳೆ ಶಾಲೆಗೆ ರಜೆ, ಇಂಥ ಸುದ್ದಿಗೆ ಲೀಡರ್ ಬೇಕಿಲ್ಲ. ಎಲ್ಲರಿಗೂ ನೇರವಾಗಿಯೇ ಮುಟ್ಟುತ್ತದೆ. ಅಡ್ಮಿನ್ ಮಾತ್ರ ಬರೆಯಬಹುದಾದ ಗ್ರೂಪು, ವಾಟ್ಸಾಪ್ ಚಾನೆಲ್, ಇವು ಒಂದೇ ಹಂತದ ದಾರಿಗಳು. ಅಲ್ಲಿ ತಿರುಗಿ ಕೇಳುವ ಮಾತೇ ಇಲ್ಲ. ಇನ್ನು ಕೆಲವು ವಿಷಯಕ್ಕೆ ಸುದ್ದಿ ಮುಟ್ಟಿದರೆ ಸಾಕು, ಪ್ರಭಾವ ಬೇಕಿಲ್ಲ. ಇದೇ ಅರ್ಥಶಾಸ್ತ್ರಜ್ಞರು ಕರ್ನಾಟಕದ 43 ಹಳ್ಳಿಗಳಲ್ಲಿ ಕಿರುಸಾಲ ಹೇಗೆ ಹರಡಿತು ಅಂತ ನೋಡಿ 2013ರಲ್ಲಿ ಬರೆದಿದ್ದರು. ಸಾಲದ ಸುದ್ದಿ ಗೊತ್ತಾದ ಮೇಲೆ, ಪರಿಚಯದವರಲ್ಲಿ ಎಷ್ಟು ಜನ ಸೇರಿದ್ದಾರೆ ಅನ್ನುವುದು ಜನರ ತೀರ್ಮಾನವನ್ನು ಅಷ್ಟಾಗಿ ಬದಲಿಸಲಿಲ್ಲ. ಗೊತ್ತಾಗುವುದೇ ಮುಖ್ಯವಾಗಿತ್ತು. ನಿಮ್ಮ 31ರಲ್ಲಿಯೂ ಕೆಲವರು ಟೀಚರನ್ನು ನಂಬಿ ಬಂದಿರುವುದಿಲ್ಲ. 'ಓ, ನಮ್ಮ ಪಕ್ಕದ ರಸ್ತೆಯಲ್ಲೇ ಸಿಗುತ್ತಾ' ಅಂತಷ್ಟೇ ಬಂದಿರುತ್ತಾರೆ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಒಂದಿದೆ. 1950ರ ದಶಕದಲ್ಲಿ ಇಲಿನಾಯ್‌ನ ನಾಲ್ಕು ಊರುಗಳ ವೈದ್ಯರು ಟೆಟ್ರಾಸೈಕ್ಲಿನ್ ಎಂಬ ಹೊಸ ಔಷಧವನ್ನು ಬರೆಯಲು ಶುರು ಮಾಡಿದ್ದು ಹೇಗೆ ಅಂತ ಒಂದು ಅಧ್ಯಯನ ನಡೆಯಿತು. ವೈದ್ಯರಿಂದ ವೈದ್ಯರಿಗೆ ಮಾತು ಹೋಗಿ ಹರಡಿತು ಅನ್ನುವ ತೀರ್ಮಾನ ದಶಕಗಳ ಕಾಲ ಪಾಠವಾಗಿತ್ತು. 2001ರಲ್ಲಿ ವ್ಯಾನ್ ಡೆನ್ ಬುಲ್ಟ್ ಮತ್ತು ಲಿಲಿಯನ್ ಎಂಬಿಬ್ಬರು, ಔಷಧ ಕಂಪನಿಗಳು ಆಗ ವೈದ್ಯಕೀಯ ಪತ್ರಿಕೆಗಳಲ್ಲಿ ಎಷ್ಟು ಜಾಹೀರಾತು ಕೊಟ್ಟಿದ್ದವು ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸಿದರು. ಬಾಯಿಮಾತಿನ ಪ್ರಭಾವ ಅಂತ ಕಂಡದ್ದು ಮಾಯವಾಯಿತು. ಎಲ್ಲರೂ ಒಂದೇ ಹೊತ್ತಿಗೆ ಒಂದೇ ಜಾಹೀರಾತು ನೋಡಿದರೂ, ಒಬ್ಬರಿಂದ ಒಬ್ಬರಿಗೆ ಹರಡಿದ ಹಾಗೆಯೇ ಕಾಣುತ್ತದೆ.

ನಿಮ್ಮ ಲೆಕ್ಕವನ್ನೂ ಹೀಗೇ ಅನುಮಾನದಿಂದ ನೋಡಿ. ಟೀಚರ್ ಬರೆದದ್ದು ತಿಂಗಳ ಮೊದಲ ವಾರವಾ? ಆಗ ಎಲ್ಲರ ಕೈಯಲ್ಲೂ ಸಂಬಳ ಇರುತ್ತದೆ. ಶಾಲೆ ಶುರುವಾಗಿ ಡಬ್ಬಿ ಕಟ್ಟುವ ದಿನಗಳಾ? ಅದೇ ನಾಲ್ಕು ದಿನದಲ್ಲಿ ಟೀಚರ್ ಇಲ್ಲದ ಬೇರೆ ಬಡಾವಣೆಗಳಿಂದಲೂ ಆರ್ಡರ್ ಏರಿತ್ತಾ? ಏರಿದ್ದರೆ ಕಾರಣ ಅವರೊಬ್ಬರೇ ಅಲ್ಲ. ಅಲ್ಲೆಲ್ಲ ಎಂದಿನಂತೆ ಇದ್ದು, ನಿಮ್ಮ ಬಡಾವಣೆಯಲ್ಲಿ ಮಾತ್ರ ಏರಿದ್ದರೆ ಅವರ ಪಾಲು ಗಟ್ಟಿ.

ಗ್ರೂಪಿನಲ್ಲಿ ಲೀಡರನ್ನು ಗುರುತಿಸುವುದಕ್ಕೂ ಒಂದು ಮಾತು. ಜಾಸ್ತಿ ಮೆಸೇಜ್ ಹಾಕುವವರನ್ನು ಎಣಿಸಬೇಡಿ. ದಿನಾ ಶುಭೋದಯದ ಹೂವು ಹಾಕುವವರ ಮಾತನ್ನು ಯಾರೂ ಓದುವುದಿಲ್ಲ. ಯಾರು ಬರೆದಾಗ ಕೆಳಗೆ ಪ್ರಶ್ನೆಗಳು ಬರುತ್ತವೆ ನೋಡಿ. ಯಾರ ಹೆಸರು ಹಿಡಿದು 'ನೀವು ಯಾವುದು ತಗೊಂಡ್ರಿ' ಅಂತ ಕೇಳುತ್ತಾರೆ ನೋಡಿ. 1940ರ ಅಧ್ಯಯನದವರು ಲೀಡರನ್ನು ಗುರುತಿಸಲು ಕೇಳಿದ ಎರಡು ಪ್ರಶ್ನೆಯ ಸಾರವೂ ಇದೇ: ಈಚೆಗೆ ನೀವು ಯಾರಿಗಾದರೂ ನಿಮ್ಮ ವಿಚಾರ ಒಪ್ಪಿಸಲು ನೋಡಿದಿರಾ, ಈಚೆಗೆ ಯಾರಾದರೂ ನಿಮ್ಮ ಸಲಹೆ ಕೇಳಿದರಾ? ನನ್ನ ಪ್ರಕಾರ ಎರಡನೆಯದಕ್ಕೆ ತೂಕ ಜಾಸ್ತಿ. ಆದರೆ ಈ ಕೇಳುವಿಕೆಯಲ್ಲಿ ದೊಡ್ಡ ಪಾಲು ಗ್ರೂಪಿನಲ್ಲಿ ಕಾಣುವುದೇ ಇಲ್ಲ. ಪರ್ಸನಲ್ ಮೆಸೇಜ್‌ಗೆ, ಫೋನಿಗೆ, ಸಂಜೆ ವಾಕಿಂಗ್‌ಗೆ ಹೋಗಿಬಿಡುತ್ತದೆ. ಅದನ್ನು ಹಿಡಿಯಲು ಇರುವ ದಾರಿ ಒಂದೇ. ಆರ್ಡರ್ ಬಂದಾಗ 'ಯಾರು ಹೇಳಿದ್ರು' ಅಂತ ಕೇಳಿ, ಹೆಸರು ಬರೆದಿಟ್ಟುಕೊಳ್ಳಿ. ಆ ಹೆಸರಿನವರು ಸಿಕ್ಕಾಗ 'ನಿಮಗೆ ಎಲ್ಲಿಂದ ಗೊತ್ತಾಯ್ತು' ಅಂತ ಅವರನ್ನೂ ಕೇಳಿ. ರೀಲ್‌ನಿಂದ ಬಂದ ಹೆಸರುಗಳು ಆಗಲೇ ಹೊರಬೀಳುವುದು.

ಟೀಚರಿಗೆ ದುಡ್ಡು ಕೊಡುವ ವಿಚಾರ ಬಿಟ್ಟುಬಿಡಿ. ದುಡ್ಡು ಕೊಟ್ಟ ದಿನ ಅವರೂ ಒಂದು ಸಣ್ಣ ಮಾಧ್ಯಮವಾಗುತ್ತಾರೆ. ಕೊರತೆ ಹೇಳುವ ಸ್ವಾತಂತ್ರ್ಯ ಹೋಗುತ್ತದೆ, ಅವರ ಮಾತು ಓಡಿದ್ದು ಆ ಸ್ವಾತಂತ್ರ್ಯದ ಮೇಲೆಯೇ. ದುಡ್ಡು ಪಡೆದ ಇನ್‌ಫ್ಲುಯೆನ್ಸರ್ ಅದನ್ನು ತಿಳಿಸಲೇಬೇಕು ಅಂತ ಜಾಹೀರಾತು ಗುಣಮಟ್ಟದ ಮಂಡಳಿ 2021ರಲ್ಲೇ ನಿಯಮ ಮಾಡಿದೆ. ಬಡಾವಣೆಯ ಗ್ರೂಪಿನಲ್ಲಿ ಯಾರೂ ಬಂದು ಪರೀಕ್ಷಿಸುವುದಿಲ್ಲ ನಿಜ, ಆದರೆ ವಿಷಯ ಹೊರಗೆ ಬರಲು ಒಂದು ಅರಿಶಿನ ಕುಂಕುಮದ ಸಂಜೆ ಸಾಕು. ಅದರ ಬದಲು ಖಾರ ಕಡಿಮೆ ಮಾಡಿದ ಒಂದು ಪ್ಯಾಕೆಟ್ ಕಳಿಸಿ, ಮಕ್ಕಳಿಗೆ ಆಗುತ್ತಾ ನೋಡಿ ಹೇಳಿ ಅನ್ನಿ. ಹೇಳಿದ್ದನ್ನು ಗ್ರೂಪಿಗೆ ಹಾಕಿ ಅಂತ ಮಾತ್ರ ಕೇಳಬೇಡಿ.

ರೀಲ್ ಪೂರ್ತಿ ನಿಲ್ಲಿಸಬೇಡಿ, ಸೊಸೆಯ ಕಣ್ಣಿಗೆ ಅದು ಬೀಳಬೇಕಲ್ಲ. ಆದರೆ ಒಂದೂವರೆ ಲಕ್ಷದವರಿಗೆ ಕೊಡುವ ದುಡ್ಡಿನಲ್ಲಿ ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆಯವರು ನೋಡುವ ಎರಡು ಮೂರು ಸಣ್ಣ ಪೇಜ್ ಆರಿಸಿ. ದುಡ್ಡು ಕೊಡುವ ಮುಂಚೆ, ನೋಡುವವರು ಯಾವ ಊರಿನವರು ಅನ್ನುವ ಪಟ್ಟಿಯ ಸ್ಕ್ರೀನ್‌ಶಾಟ್ ಕೇಳಿ. ಇನ್‌ಸ್ಟಾಗ್ರಾಮ್ ಆ ಪಟ್ಟಿಯನ್ನು ಅಕೌಂಟ್ ನಡೆಸುವವರಿಗೆ ತೋರಿಸುತ್ತದೆ. ಕೊಡಲ್ಲ ಅಂದರೆ ಬೇರೆಯವರನ್ನು ನೋಡಿ.